ದರ ಅಚ್ಚು ಹಾಕದೆ ದರ ವಿವರಿಸುವುದು: ಆಡಿಟರ್ ಕಚೇರಿಯ ಸೇವಾ ಪುಟ ಬರೆಯುವ ಕ್ರಮ

ಚಿಕ್ಕಮಗಳೂರಿನ ಚಾರ್ಟರ್ಡ್ ಅಕೌಂಟೆಂಟ್ ಕಚೇರಿಗಳಿಗೆ ಬರುವ ಮೊದಲ ಫೋನ್ ಕರೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. "ರಿಟರ್ನ್ಸ್ ಹಾಕಿಸಬೇಕಿತ್ತು ಸಾರ್, ಎಷ್ಟಾಗುತ್ತದೆ?" ಆ ಕಡೆಯಿಂದ ಬರುವ ಉತ್ತರವೂ ಒಂದೇ: "ಕಾಗದಪತ್ರ ತನ್ನಿ, ನೋಡಿ ಹೇಳುತ್ತೇವೆ." ಇಬ್ಬರದೂ ನ್ಯಾಯವೇ. ಕಾಗದ ನೋಡದೆ ಕೆಲಸದ ಅಳತೆ ಗೊತ್ತಾಗುವುದಿಲ್ಲ, ಅಳತೆ ಗೊತ್ತಿಲ್ಲದೆ ಮೂವತ್ತು ಮೈಲಿ ದೂರದಿಂದ ಬರಲು ಬೆಳೆಗಾರನಿಗೆ ಮನಸ್ಸಾಗುವುದಿಲ್ಲ. ಈ ನಡುವಿನ ಜಾಗವನ್ನು ತುಂಬಬೇಕಾದದ್ದು ಕಚೇರಿಯ ಜಾಲತಾಣದ ಸೇವಾ ಪುಟ. ಆದರೆ ಅಲ್ಲಿ ಸಾಮಾನ್ಯವಾಗಿ ಸಿಗುವುದು "ಆದಾಯ ತೆರಿಗೆ, ಜಿಎಸ್‌ಟಿ, ಆಡಿಟ್ ಮುಂತಾದ ಸಮಗ್ರ ಸೇವೆಗಳು ಲಭ್ಯ" ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ಕ್ಯಾಲ್ಕುಲೇಟರಿನ ಚಿತ್ರ.

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಬರೆಯೋಣ: ಕಾಫಿ ಬೆಳೆಗಾರರ ಆದಾಯ ತೆರಿಗೆ ರಿಟರ್ನ್ ಪುಟ. ಮಲೆನಾಡಿನ ಕಚೇರಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪುಟ ಇನ್ನೊಂದಿಲ್ಲ, ಇದಕ್ಕಿಂತ ಕಷ್ಟದ್ದೂ ಇಲ್ಲ. ಇದನ್ನು ಬರೆಯಲು ಬಂದರೆ ಉಳಿದವು ಇದೇ ಅಚ್ಚಿನಲ್ಲಿ ಬರುತ್ತವೆ.

ಹಂತ 1: ವೃತ್ತಿಯ ನಿಯಮವನ್ನು ಮೊದಲು ಓದಿ

ಬೇರೆ ಯಾವ ವ್ಯಾಪಾರದವರಾದರೂ ದರಪಟ್ಟಿ ಹಾಕಿ ಕೆಲಸ ಮುಗಿಸಬಹುದು. ಚಾರ್ಟರ್ಡ್ ಅಕೌಂಟೆಂಟರಿಗೆ ಆ ದಾರಿ ಇಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಮೊದಲನೆಯ ಅನುಸೂಚಿ, ಗ್ರಾಹಕರನ್ನು ಕರೆದು ಕೆಲಸ ಕೇಳುವುದನ್ನು ಮತ್ತು ಜಾಹೀರಾತನ್ನು ವೃತ್ತಿಲೋಪವೆಂದು ಎಣಿಸುತ್ತದೆ. ಜಾಲತಾಣ ಇರಬಹುದು, ಆದರೆ ಅದು ಹುಡುಕಿಕೊಂಡು ಬಂದವರಿಗೆ ಮಾಹಿತಿ ಕೊಡಬೇಕೇ ಹೊರತು ತಾನಾಗಿ ಜನರ ಬಳಿಗೆ ಹೋಗಿ ಕೂಗಬಾರದು. ಗ್ರಾಹಕರ ಹೆಸರು ಮತ್ತು ಕಚೇರಿ ಪಡೆಯುವ ಶುಲ್ಕವನ್ನು ಜಾಲತಾಣದಲ್ಲಿ ಹಾಕುವಂತಿಲ್ಲ. ಯಾವುದಾದರೂ ನಿಯಂತ್ರಣ ಸಂಸ್ಥೆ ಕೇಳಿದಾಗ ಮಾತ್ರ, ಅದು ಕೇಳಿದಷ್ಟು ಮಾತ್ರ ಹಾಕಬಹುದು. ವೃತ್ತಿಯ ನಿಯಂತ್ರಣ ಸಂಸ್ಥೆಯಾದ ಐಸಿಎಐ ಬಹುಕಾಲದಿಂದ ಹಿಡಿದುಕೊಂಡು ಬಂದ ನಿಲುವು ಇದು. ಸಂಸ್ಥೆ ಈ ನೀತಿಸಂಹಿತೆಯನ್ನು ಪರಿಷ್ಕರಿಸುತ್ತ ಇರುವುದರಿಂದ, ಬರೆಯಲು ಕೂರುವ ದಿನ ಚಾಲ್ತಿಯಲ್ಲಿರುವ ಪಠ್ಯವನ್ನು ಎದುರಿಗಿಟ್ಟುಕೊಳ್ಳಿ. ಪ್ರಕಟಿಸುವ ಮುನ್ನ ಒಬ್ಬ ಪಾಲುದಾರರು ಅದರೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಲಿ.

ಹೊರಗಿನ ಬರಹಗಾರರು ಎಡವುವುದು ಇಲ್ಲೇ. ಅವರು "ಕೇವಲ ಇಷ್ಟು ರೂಪಾಯಿಯಿಂದ ಆರಂಭ" ಎಂದು ಬರೆಯುತ್ತಾರೆ, ಗ್ರಾಹಕರ ಮೆಚ್ಚುಗೆಯ ಮಾತು ಸೇರಿಸುತ್ತಾರೆ, "ಜಿಲ್ಲೆಯ ನಂಬರ್ ಒನ್" ಎನ್ನುತ್ತಾರೆ. ಮೂರನ್ನೂ ಹೊಡೆದುಹಾಕಬೇಕು.

ಹಾಗಾದರೆ ಶುಲ್ಕದ ಬಗ್ಗೆ ಪುಟದಲ್ಲಿ ಹೇಳಲು ಏನು ಉಳಿಯಿತು? ಬಹಳಷ್ಟು ಉಳಿದಿದೆ. ಫೋನ್ ಮಾಡುವವರು ಕೇಳುವುದು ಮೊತ್ತವನ್ನಾದರೂ ಅವರಿಗೆ ನಿಜವಾಗಿ ಇರುವ ಅಳುಕು ಬೇರೆ: ನನಗೊಂದು, ಪಕ್ಕದ ತೋಟದವರಿಗೊಂದು ಹೇಳುತ್ತಾರೆಯೇ? ಕೆಲಸ ಶುರುವಾದ ಮೇಲೆ ಏರಿಸುತ್ತಾರೆಯೇ? ಕೊಟ್ಟ ದುಡ್ಡಿನಲ್ಲಿ ಸರ್ಕಾರಕ್ಕೆ ಹೋದದ್ದೆಷ್ಟು, ಇವರಿಗೆ ಉಳಿದದ್ದೆಷ್ಟು? ಈ ಮೂರಕ್ಕೂ ಒಂದೇ ಒಂದು ಶುಲ್ಕದ ಅಂಕಿ ಇಲ್ಲದೆ ಉತ್ತರ ಕೊಡಬಹುದು.

ಹಂತ 2: ಓದುವವರು ಯಾರೆಂದು ಗೊತ್ತುಮಾಡಿಕೊಳ್ಳಿ

ಬೆಳೆಗಾರರ ಪುಟವನ್ನು ಬೆಳೆಗಾರರೇ ಓದುತ್ತಾರೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಓದುವವರು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಥವಾ ಮಗಳು, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರ್. ಮಗನಿಗೆ ಫಾರಂ 16 ಗೊತ್ತು, ಹಾಕಿದ ಕಾಫಿಯಿಂದ ಎಷ್ಟು ಬೀಜ ಸಿಕ್ಕಿತೆಂಬ ಲೆಕ್ಕವಾದ ಔಟ್‌ಟರ್ನ್ ಗೊತ್ತಿಲ್ಲ. ರೈಟರ್‌ಗೆ ಔಟ್‌ಟರ್ನ್ ನಿದ್ದೆಯಲ್ಲೂ ಗೊತ್ತು, ಇಲಾಖೆಯ ಬಳಿ ಇರುವ ವಹಿವಾಟುಗಳ ಪಟ್ಟಿಯಾದ ಎಐಎಸ್ ಎಂದರೆ ಏನೆಂದು ಗೊತ್ತಿಲ್ಲ. ಇಬ್ಬರೂ ಓದುವುದು ಮೊಬೈಲಿನಲ್ಲಿ, ಅದೂ ತೋಟದಲ್ಲಿ ಸಿಗ್ನಲ್ ಬಂದಾಗ. ಆದ್ದರಿಂದ ಪುಟ ಹಗುರವಾಗಿರಲಿ, ಪ್ರತಿ ಪಾರಿಭಾಷಿಕ ಪದಕ್ಕೆ ಮೊದಲ ಸಲ ಬಂದಾಗಲೇ ಅರ್ಧ ವಾಕ್ಯದ ವಿವರಣೆ ಇರಲಿ.

ಮುಂದಿನ ಕೆಲಸ, ಕಚೇರಿಯಲ್ಲಿ ಫೋನ್ ಎತ್ತುವ ಸಿಬ್ಬಂದಿಯ ಕೈಗೆ ಒಂದು ನೋಟ್‌ಬುಕ್ ಕೊಡುವುದು. ಕೊಯ್ಲು ಮುಗಿದು ಲೆಕ್ಕ ಶುರುವಾಗುವ ಹೊತ್ತಿನಲ್ಲಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದಿಡಲಿ. "ಕಾಫಿಗೆ ತೆರಿಗೆ ಇಲ್ಲವಲ್ಲ, ಮತ್ತೆ ಯಾಕೆ ಹಾಕಬೇಕು?" "ಬ್ಯಾಂಕಿನವರು ಮೂರು ವರ್ಷದ ರಿಟರ್ನ್ಸ್ ಕೇಳುತ್ತಿದ್ದಾರೆ." "ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಪರವಾಗಿಲ್ಲವೇ?" ಪುಟದ ಉಪಶೀರ್ಷಿಕೆಗಳನ್ನು ಈ ನೋಟ್‌ಬುಕ್ಕಿನಿಂದಲೇ ಎತ್ತಿಕೊಳ್ಳಿ. ಪಾಲುದಾರರ ತಲೆಯಿಂದ ತೆಗೆದರೆ ಅವು ಕಾಯಿದೆಯ ಅಧ್ಯಾಯಗಳಂತೆ ಬರುತ್ತವೆ.

ಹಂತ 3: ಕೆಲಸ ಎಲ್ಲಿ ಹೆಚ್ಚಾಗುತ್ತದೆ ಎಂಬುದನ್ನು ಒಂದು ಪ್ರಕರಣದಲ್ಲಿ ನೋಡಿ

ಶುಲ್ಕ ಯಾಕೆ ವ್ಯತ್ಯಾಸವಾಗುತ್ತದೆ ಎಂದು ಬರೆಯುವ ಮೊದಲು ಬರೆಯುವವರಿಗೇ ಅದು ಸ್ಪಷ್ಟವಾಗಿರಬೇಕು. ಕಾಫಿಯ ವಿಷಯದಲ್ಲಿ ಅದರ ಬೇರು ಒಂದೇ ಪ್ರಶ್ನೆಯಲ್ಲಿದೆ: ಕಾಫಿಯನ್ನು ಯಾವ ರೂಪದಲ್ಲಿ ಮಾರಿದಿರಿ?

ಬೆಳೆಗಾರರು ಹಣ್ಣನ್ನು ಒಣಗಿಸಿ ಚೆರಿಯಾಗಿ ಮಾರಿದರೆ, ಅಥವಾ ಪಲ್ಪ್ ಮಾಡಿ ಒಣಗಿಸಿ ಪಾರ್ಚ್‌ಮೆಂಟ್ ಆಗಿ ಮಾರಿದರೆ, ಅದು ಪೂರ್ತಿ ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಅದರ ಮೇಲಿಲ್ಲ. ಅದೇ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಬೀಜವಾಗಿ ತಾವೇ ಮಾರಿದರೆ ಆದಾಯ ತೆರಿಗೆ ನಿಯಮಗಳಲ್ಲಿ ಕಾಫಿಗೆಂದೇ ಇರುವ ನಿಯಮ ಬರುತ್ತದೆ, 1962ರ ನಿಯಮಗಳಲ್ಲಿ ಅದರ ಸಂಖ್ಯೆ 7ಬಿ ಆಗಿತ್ತು: ನಿವ್ವಳ ಆದಾಯದ ನೂರಕ್ಕೆ 25 ಭಾಗ ವ್ಯಾಪಾರದ ಆದಾಯ, ಉಳಿದ 75 ಕೃಷಿಯದು. ಹುರಿದು ಪುಡಿ ಮಾಡಿ ಮಾರಿದರೆ ವ್ಯಾಪಾರದ ಭಾಗ ನೂರಕ್ಕೆ 40. ಕ್ಯೂರಿಂಗ್ ಎಂದರೆ ಏನೆಂಬುದಕ್ಕೆ ನಿಯಮ 1942ರ ಕಾಫಿ ಕಾಯಿದೆಯ ಕಡೆಗೆ ಬೆರಳು ತೋರಿಸುತ್ತದೆ. ಅಲ್ಲಿ ಪಲ್ಪಿಂಗನ್ನು ಹೊರಗಿಟ್ಟು, ಕಚ್ಚಾ ಕಾಫಿಯನ್ನು ಮಾರುಕಟ್ಟೆಗೆ ಸಿದ್ಧಪಡಿಸುವ ಯಾಂತ್ರಿಕ ಕೆಲಸಗಳನ್ನು ಮಾತ್ರ ಕ್ಯೂರಿಂಗ್ ಎಂದಿದ್ದಾರೆ. ತೋಟದಲ್ಲಿ ಪಲ್ಪರ್ ಇದ್ದ ಮಾತ್ರಕ್ಕೆ ವ್ಯಾಪಾರದ ಆದಾಯ ಹುಟ್ಟುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಫೋನಿನಲ್ಲಿ ತಿರುತಿರುಗಿ ಬರುವ ಗೊಂದಲ ಇದು, ಪುಟದಲ್ಲಿ ಒಂದು ಸಾಲಿನಲ್ಲಿ ಬಗೆಹರಿಸಬಹುದು.

ಈಗ ಒಬ್ಬ ಕಲ್ಪಿತ ಬೆಳೆಗಾರರನ್ನು ತೆಗೆದುಕೊಳ್ಳಿ. ಮೂಡಿಗೆರೆ ಕಡೆ 14 ಎಕರೆ. ರೋಬಸ್ಟಾವನ್ನು ಚೆರಿಯಾಗಿ ಕಣದಲ್ಲೇ ವ್ಯಾಪಾರಿಗೆ ಕೊಟ್ಟಿದ್ದಾರೆ, ಖರ್ಚು ಕಳೆದು ಉಳಿದದ್ದು 5,00,000 ರೂಪಾಯಿ. ಅರೇಬಿಕಾವನ್ನು ಕ್ಯೂರಿಂಗ್ ವರ್ಕ್ಸ್‌ಗೆ ಹಾಕಿ ಬೀಜವಾಗಿ ತಾವೇ ಮಾರಿದ್ದಾರೆ, ಉಳಿದದ್ದು 8,00,000. ಪೇಟೆಯಲ್ಲಿ ಎರಡು ಮಳಿಗೆಗಳ ಬಾಡಿಗೆ ಇದೆ, ಬ್ಯಾಂಕಿನಲ್ಲಿ ಠೇವಣಿ ಇದೆ. ಅರೇಬಿಕಾದ 8,00,000ದಲ್ಲಿ 2,00,000 ವ್ಯಾಪಾರದ ಆದಾಯ, 6,00,000 ಕೃಷಿಯದು. ರೋಬಸ್ಟಾದ 5,00,000 ಸೇರಿ ಕೃಷಿ ಆದಾಯ 11,00,000. ವ್ಯಾಪಾರದ ಆದಾಯ ಬಂದ ಕಾರಣ ಹಾಕಬೇಕಾದ ರಿಟರ್ನ್ ಫಾರಂ ಐಟಿಆರ್-3. ಕೃಷಿ ಆದಾಯ 5 ಲಕ್ಷ ಮೀರಿದ್ದರಿಂದ ಜಮೀನಿನ ಜಿಲ್ಲೆ, ಪಿನ್ ಕೋಡ್, ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೆಲ್ಲ ತುಂಬಬೇಕು. ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲದಿದ್ದರೂ, ಅದು 5,000 ರೂಪಾಯಿ ಮೀರಿ, ಉಳಿದ ಆದಾಯವೂ ವಿನಾಯಿತಿ ಮಿತಿ ದಾಟಿದ್ದರೆ, ಬಾಡಿಗೆ ಮುಂತಾದವಕ್ಕೆ ಎಷ್ಟು ದರ ಎಂಬುದನ್ನು ನಿರ್ಧರಿಸುವಾಗ ಕೃಷಿಯದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. "ಕಾಫಿಗೆ ತೆರಿಗೆ ಇಲ್ಲ" ಎಂದು ನಂಬಿ ಬಂದವರು ಬೆಚ್ಚಿಬೀಳುವುದು ಈ ಕಡೆಯ ತಿರುವಿನಲ್ಲಿ.

ಆದರೆ ಕಚೇರಿಯ ಶ್ರಮವನ್ನು ನಿಜವಾಗಿ ಹೆಚ್ಚಿಸುವುದು ಇದ್ಯಾವುದೂ ಅಲ್ಲ. ಗೊಬ್ಬರ, ಕೂಲಿ, ಡೀಸೆಲ್ ಬಿಲ್ಲುಗಳನ್ನು ರೋಬಸ್ಟಾಕ್ಕೆ ಎಷ್ಟು, ಅರೇಬಿಕಾಕ್ಕೆ ಎಷ್ಟು ಎಂದು ಹಂಚಬೇಕು. ಒಂದೇ ತೋಟ, ಒಂದೇ ಆಳು, ಒಂದೇ ಪಟ್ಟಿ. ಹಂಚಿಕೆಗೆ ಆಧಾರ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ರೈಟರ್ ಬ್ಲಾಕ್‌ವಾರು ಪುಸ್ತಕ ಇಟ್ಟಿದ್ದರೆ ಕೆಲಸ ಸಲೀಸು, ಚೀಟಿಗಳು ಚೀಲದಲ್ಲಿ ಬಂದರೆ ವಾರ. ಶುಲ್ಕದ ವ್ಯತ್ಯಾಸ ಎಂದರೆ ಇದು. ಇದನ್ನು ಪುಟದಲ್ಲಿ ಹೀಗೆಯೇ ಹೇಳಿಬಿಟ್ಟರೆ ಬೆಳೆಗಾರರು ಒಪ್ಪುತ್ತಾರೆ, ಏಕೆಂದರೆ ಚೀಲ ಯಾರ ಮನೆಯಲ್ಲಿದೆ ಎಂಬುದು ಅವರಿಗೇ ಗೊತ್ತು.

ಹಂತ 4: ಶುಲ್ಕದ ಭಾಗ

ಇದಕ್ಕೆ ಪುಟದ ಮೂರನೇ ಒಂದು ಪಾಲು ಜಾಗ ಕೊಡಿ, "ಶುಲ್ಕ" ಎಂದೇ ಶೀರ್ಷಿಕೆ ಇಡಿ. "ನಮ್ಮ ಮೌಲ್ಯಾಧಾರಿತ ಕಾರ್ಯವಿಧಾನ" ಎಂದರೆ ಯಾರೂ ಅಲ್ಲಿ ದುಡ್ಡಿನ ವಿಷಯ ಹುಡುಕುವುದಿಲ್ಲ.

ಮೊದಲು ಹಣವನ್ನು ಮೂರು ಪಾಲು ಮಾಡಿ. ತೆರಿಗೆ, ಸರ್ಕಾರದ ವಿಳಂಬ ಶುಲ್ಕ ಮತ್ತು ಬಡ್ಡಿ, ಕಚೇರಿಯ ಶುಲ್ಕ. ಮೊದಲ ಎರಡು ಸರ್ಕಾರಕ್ಕೆ ಹೋಗುವಂಥವು, ಅವುಗಳ ಅಂಕಿಯನ್ನು ಹಾಕಲು ಅಡ್ಡಿಯಿಲ್ಲ. ಗಡುವು ಮೀರಿ ರಿಟರ್ನ್ ಹಾಕಿದರೆ ವಿಳಂಬ ಶುಲ್ಕ 5,000 ರೂಪಾಯಿ, ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ಇದನ್ನು ಬರೆಯದಿದ್ದರೆ ಏನಾಗುತ್ತದೆ ಎಂದರೆ, ತಡವಾಗಿ ಬಂದವರು ಕೊಟ್ಟ ಮೊತ್ತವನ್ನೆಲ್ಲ ಒಟ್ಟು ಸೇರಿಸಿ "ಆಡಿಟರ್ ಇಷ್ಟು ತೆಗೆದುಕೊಂಡರು" ಎಂದು ಊರಿಗೆ ಹೇಳುತ್ತಾರೆ. ತೆರಿಗೆಯನ್ನು ಗ್ರಾಹಕರ ಬ್ಯಾಂಕ್ ಖಾತೆಯಿಂದಲೇ ಚಲನ್ ಮೂಲಕ ಕಟ್ಟಿಸುತ್ತೇವೆ, ತೆರಿಗೆಯ ಹಣವನ್ನು ಕಚೇರಿಯಲ್ಲಿ ನಗದಾಗಿ ಪಡೆಯುವುದಿಲ್ಲ ಎಂಬ ಸಾಲು ಪುಟದಲ್ಲಿ ಇರಲೇಬೇಕು. ಕಚೇರಿಯ ಪದ್ಧತಿ ಹಾಗಿಲ್ಲದಿದ್ದರೆ ಪುಟಕ್ಕಿಂತ ಮೊದಲು ಪದ್ಧತಿಯನ್ನು ಬದಲಿಸಿ.

ಎರಡನೆಯದು, ಶುಲ್ಕ ಯಾವುದರ ಮೇಲೆ ನಿಂತಿದೆ ಎಂಬುದು. ನಾಲ್ಕೈದು ಅಂಶ ಸಾಕು, ಪ್ರತಿಯೊಂದೂ ಗ್ರಾಹಕರು ಮನೆಯಲ್ಲಿ ಕುಳಿತೇ ತಮ್ಮ ಬಗ್ಗೆ ಉತ್ತರಿಸಬಲ್ಲ ಪ್ರಶ್ನೆಯಾಗಿರಬೇಕು. "ಪ್ರಕರಣದ ಸಂಕೀರ್ಣತೆ" ಎಂದು ಬರೆದರೆ ಅವರಿಗೆ ಏನೂ ತಿಳಿಯದು. "ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದ್ದೀರಾ?" ಎಂದರೆ ಹೌದೋ ಅಲ್ಲವೋ ತಕ್ಷಣ ಗೊತ್ತಾಗುತ್ತದೆ.

ಮೂರನೆಯದು, ಮೊತ್ತ ಯಾವಾಗ, ಹೇಗೆ ತಿಳಿಯುತ್ತದೆ ಎಂಬುದು. ಪುಟದಲ್ಲಿ ಮೊತ್ತ ಇಲ್ಲದ ಕೊರತೆಯನ್ನು ತುಂಬುವುದು ಇದೇ. ಕಾಗದಪತ್ರ ನೋಡಿದ ಮೇಲೆ ಎಷ್ಟು ಹೊತ್ತಿನಲ್ಲಿ, ಲಿಖಿತವಾಗಿ, ಕೆಲಸ ಶುರುಮಾಡುವ ಮೊದಲೇ ಹೇಳುತ್ತೇವೆ ಎಂದು ಬರೆಯಿರಿ. ಆ ಲಿಖಿತ ಅಂದಾಜು ಖಾಸಗಿ ಪತ್ರ, ಅದರಲ್ಲಿ ಅಂಕಿ ಇರಬಹುದು. ಉದಾಹರಣೆಗೆ ಹೀಗೆ: ಕಚೇರಿಯ ಶುಲ್ಕ 6,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 1,080, ಒಟ್ಟು 7,080, ತೆರಿಗೆ ಮತ್ತು ವಿಳಂಬ ಶುಲ್ಕ ಇದರಲ್ಲಿ ಸೇರಿಲ್ಲ. (ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ.) ಕಚೇರಿ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಆ ಶೇಕಡಾ 18ನ್ನು ಪುಟದಲ್ಲೂ ಹೇಳಿಬಿಡಿ. ಬಿಲ್ ಕೊಡುವಾಗ ಹೇಳಿದರೆ ಏರಿಸಿದ ಹಾಗೆ ಕಾಣುತ್ತದೆ.

ನಾಲ್ಕನೆಯದು, ಅಂದಾಜು ಯಾವಾಗ ಬದಲಾಗುತ್ತದೆ ಎಂಬುದು. ಎರಡು ಸಂದರ್ಭ ಹೆಸರಿಸಿದರೆ ಸಾಕು: ಮೊದಲು ಹೇಳದ ಆದಾಯವೊಂದು ಎಐಎಸ್‌ನಲ್ಲಿ ಸಿಕ್ಕರೆ, ಅಥವಾ ರಿಟರ್ನ್ ಹಾಕಿದ ಮೇಲೆ ಇಲಾಖೆಯಿಂದ ನೋಟಿಸ್ ಬಂದು ಉತ್ತರ ಕೊಡಬೇಕಾದರೆ. ಎರಡರಲ್ಲೂ ಮತ್ತೆ ಕೇಳಿಯೇ ಮುಂದುವರಿಯುತ್ತೇವೆ ಎಂದು ಸೇರಿಸಿ.

ಇನ್ನೊಂದು ಮಾತು ಬಿಟ್ಟುಹೋಗಬಾರದು. "ರಿಫಂಡ್ ಬಂದರೆ ಅದರಲ್ಲಿ ಇಷ್ಟು ಪರ್ಸೆಂಟ್" ಎಂಬ ಒಪ್ಪಂದವನ್ನು ಕೆಲವರು ತಾವಾಗಿಯೇ ಮುಂದಿಡುತ್ತಾರೆ. ಫಲಿತಾಂಶಕ್ಕೆ ಕಟ್ಟಿದ ಅಂಥ ಶುಲ್ಕವನ್ನು ಚಾರ್ಟರ್ಡ್ ಅಕೌಂಟೆಂಟ್ ಪಡೆಯುವಂತಿಲ್ಲ, ನಿಯಮ ಹೇಳಿದ ಕೆಲವೇ ಅಪವಾದಗಳನ್ನು ಬಿಟ್ಟು. ಒಂದು ಸಾಲಿನಲ್ಲಿ ಹೇಳಿದರೆ ಮುಂದೆ ಮುಜುಗರವಿಲ್ಲ. ಜೊತೆಗೆ, ಹಾಗೆ ಕೇಳುವ ದಲ್ಲಾಳಿಗಳಿಂದ ಕಚೇರಿ ಬೇರೆ ಎಂಬುದೂ ಸದ್ದಿಲ್ಲದೆ ತಿಳಿಯುತ್ತದೆ.

ಹಂತ 5: ಕೆಲಸದ ಕ್ರಮ

ಪ್ರತಿ ಹೆಜ್ಜೆಗೂ ಕರ್ತೃ ಇರಲಿ. "ದಾಖಲೆಗಳನ್ನು ಪರಿಶೀಲಿಸಲಾಗುವುದು, ಲೆಕ್ಕ ತಯಾರಿಸಲಾಗುವುದು, ರಿಟರ್ನ್ ಸಲ್ಲಿಸಲಾಗುವುದು" ಎಂದರೆ ಯಾರು ಯಾವಾಗ ಏನು ಮಾಡಬೇಕೆಂಬುದು ಗೊತ್ತಾಗುವುದಿಲ್ಲ. "ನೀವು ಕೊಡುತ್ತೀರಿ, ನಾವು ತಯಾರಿಸುತ್ತೇವೆ, ನೀವು ನೋಡಿ ಒಪ್ಪುತ್ತೀರಿ, ನಾವು ಸಲ್ಲಿಸುತ್ತೇವೆ" ಎಂದಾಗ ಚೆಂಡು ಯಾರ ಅಂಗಳದಲ್ಲಿದೆ ಎಂಬುದು ಸದಾ ಕಾಣುತ್ತದೆ.

ದಿನಗಳನ್ನು ಎಣಿಸುವಾಗ ಎಣಿಕೆ ಎಲ್ಲಿಂದ ಶುರು ಎಂಬುದನ್ನು ಹೇಳಿ. "ಏಳು ದಿನದಲ್ಲಿ" ಎಂದಷ್ಟೇ ಬರೆದರೆ ಗ್ರಾಹಕರು ಮೊದಲ ಫೋನಿನಿಂದ ಎಣಿಸುತ್ತಾರೆ, ಕಚೇರಿ ಕೊನೆಯ ಕಾಗದದಿಂದ ಎಣಿಸುತ್ತದೆ. "ಎಲ್ಲ ಕಾಗದ ತಲುಪಿದ ದಿನದಿಂದ" ಎಂಬ ಪದಗಳು ಬರಲೇಬೇಕು.

ಇ-ವೆರಿಫಿಕೇಶನ್‌ಗೆ ಎರಡು ವಾಕ್ಯ ಮೀಸಲಿಡಿ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕವೋ, ಸಹಿ ಮಾಡಿದ ಐಟಿಆರ್-ವಿ ಪ್ರತಿಯನ್ನು ಬೆಂಗಳೂರಿನಲ್ಲಿರುವ ಇಲಾಖೆಯ ಸಂಸ್ಕರಣಾ ಕೇಂದ್ರವಾದ ಸಿಪಿಸಿಗೆ ಕಳುಹಿಸಿಯೋ ದೃಢೀಕರಿಸಬೇಕು. ಇಲ್ಲದಿದ್ದರೆ ಸಕಾಲಕ್ಕೆ ಹಾಕಿದ ರಿಟರ್ನ್ ಕೂಡ ತಡವಾದದ್ದಾಗಬಹುದು. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ತಂದೆಯ ಆಧಾರ್‌ಗೆ ಯಾರದೋ ಹಳೆಯ ನಂಬರ್ ಜೋಡಣೆಯಾಗಿದ್ದರೆ ಅದು ಗೊತ್ತಾಗುವುದು ಕೊನೆಯ ದಿನದ ಸಂಜೆ. ಆದ್ದರಿಂದ ಈ ಸಾಲನ್ನು ತರಬೇಕಾದ ಕಾಗದಗಳ ಪಟ್ಟಿಯಲ್ಲೂ ಒಮ್ಮೆ ಹಾಕಿ. ಪೋರ್ಟಲ್ಲಿನಲ್ಲಿ ಗ್ರಾಹಕರದೇ ಮೊಬೈಲ್ ಮತ್ತು ಇ-ಮೇಲ್ ಇರಲಿ, ಕಚೇರಿಯದು ಬೇಡ. ನೋಟಿಸ್ ಬಂದದ್ದು ಅವರಿಗೇ ತಿಳಿಯಬೇಕು.

ರಿಫಂಡ್ ಬಗ್ಗೆ ದಿನ ಹೇಳಬೇಡಿ. ಅದು ಸಿಪಿಸಿಯಿಂದ ನೇರ ಗ್ರಾಹಕರ ಖಾತೆಗೆ ಹೋಗುತ್ತದೆ, ಕಚೇರಿಯ ಕೈಯಲ್ಲಿಲ್ಲ.

ಹಂತ 6: ಈಗ ಪುಟವನ್ನೇ ಬರೆಯಿರಿ

ಮೇಲಿನದೆಲ್ಲ ಸೇರಿದಾಗ ಪುಟ ಹೀಗೆ ನಿಲ್ಲುತ್ತದೆ:

> ಕಾಫಿ ಬೆಳೆಗಾರರ ಆದಾಯ ತೆರಿಗೆ ರಿಟರ್ನ್
>
> ನಿಮಗೆ ಇದು ಬೇಕೇ? ಚೆರಿ ಅಥವಾ ಪಾರ್ಚ್‌ಮೆಂಟ್ ಮಾತ್ರ ಮಾರುವವರಾಗಿದ್ದು ಬೇರೆ ಆದಾಯವಿಲ್ಲದಿದ್ದರೆ ನಿಮಗೆ ರಿಟರ್ನ್ ಕಡ್ಡಾಯವಾಗದಿರಬಹುದು. ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದ್ದರೆ, ಬಾಡಿಗೆ, ಸಂಬಳ, ಬಡ್ಡಿ ಇದ್ದರೆ, ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ಮೀರಿ ಅಥವಾ ವಿದ್ಯುತ್ ಬಿಲ್ಲಿಗೆ 1 ಲಕ್ಷ ಮೀರಿ ಖರ್ಚಾಗಿದ್ದರೆ, ಒಮ್ಮೆ ವಿಚಾರಿಸಿ.
>
> ತರಬೇಕಾದದ್ದು. ಪ್ಯಾನ್, ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್. ಈ ವರ್ಷದ ಪಹಣಿ. ಕಾಫಿ, ಮೆಣಸು ಮಾರಿದ ಬಿಲ್ಲುಗಳು. ಕ್ಯೂರಿಂಗ್ ವರ್ಕ್ಸ್‌ಗೆ ಹಾಕಿದ್ದರೆ ಔಟ್‌ಟರ್ನ್ ವಿವರ, ಅಂದರೆ ಎಷ್ಟು ಬೀಜ ಬಂತು ಎಂಬ ಲೆಕ್ಕ. ಕೂಲಿ ಮತ್ತು ಗೊಬ್ಬರದ ಪುಸ್ತಕ. ಎಲ್ಲ ಬ್ಯಾಂಕ್ ಖಾತೆಗಳ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವಿವರ. ಪಹಣಿ ಇನ್ನೂ ಹಿರಿಯರ ಹೆಸರಿನಲ್ಲಿದ್ದರೆ ಹಾಗೆಯೇ ತನ್ನಿ. ಪೌತಿ ಖಾತೆ, ವಿಭಾಗಪತ್ರ ಇದ್ದರೆ ಜೊತೆಗಿರಲಿ.
>
> ಕೆಲಸ ನಡೆಯುವ ಬಗೆ. ನೀವು ಕಾಗದ ಕೊಡುತ್ತೀರಿ. ನಿಮ್ಮ ಒಪ್ಪಿಗೆ ಪಡೆದು, ಇಲಾಖೆಗೆ ನಿಮ್ಮ ಬಗ್ಗೆ ಈಗಾಗಲೇ ಗೊತ್ತಿರುವ ವಹಿವಾಟುಗಳ ಪಟ್ಟಿಯನ್ನು, ಅಂದರೆ ಎಐಎಸ್ ಅನ್ನು, ನಾವು ತೆಗೆದು ನಿಮ್ಮ ಲೆಕ್ಕದೊಂದಿಗೆ ಹೋಲಿಸುತ್ತೇವೆ. ಎಲ್ಲ ಕಾಗದ ತಲುಪಿದ ದಿನದಿಂದ ಏಳು ಕೆಲಸದ ದಿನಗಳಲ್ಲಿ ಕರಡು ಲೆಕ್ಕವನ್ನು ಕಳುಹಿಸುತ್ತೇವೆ. ನೀವು ನೋಡಿ ಒಪ್ಪಿದ ಮೇಲೆ, ತೆರಿಗೆ ಇದ್ದರೆ ನಿಮ್ಮ ಖಾತೆಯಿಂದ ಕಟ್ಟುತ್ತೀರಿ. ನಾವು ರಿಟರ್ನ್ ಸಲ್ಲಿಸುತ್ತೇವೆ. ನೀವು 30 ದಿನಗಳೊಳಗೆ ದೃಢೀಕರಿಸುತ್ತೀರಿ. ಒಪ್ಪಿಗೆ ಇಲ್ಲದೆ ಯಾವ ರಿಟರ್ನನ್ನೂ ಸಲ್ಲಿಸುವುದಿಲ್ಲ.
>
> ಶುಲ್ಕ. ನಮ್ಮ ಶುಲ್ಕ ಈ ಪ್ರಶ್ನೆಗಳ ಮೇಲೆ ನಿಂತಿದೆ: ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದ್ದೀರಾ? ಖರ್ಚಿಗೆ ಪುಸ್ತಕ ಇದೆಯೇ, ಬಿಡಿ ಚೀಟಿಗಳಿವೆಯೇ? ಎಷ್ಟು ಬ್ಯಾಂಕ್ ಖಾತೆಗಳಿವೆ? ಆಸ್ತಿ ಒಬ್ಬರದೋ, ಪಾಲಾಗದ ಕುಟುಂಬದ್ದೋ? ಹಿಂದಿನ ವರ್ಷದ ನೋಟಿಸ್ ಬಾಕಿ ಇದೆಯೇ? ಕಾಗದ ನೋಡಿದ ಮರುದಿನದೊಳಗೆ ಮೊತ್ತವನ್ನು ಬರವಣಿಗೆಯಲ್ಲಿ ತಿಳಿಸುತ್ತೇವೆ. ನೀವು ಒಪ್ಪಿದ ಮೇಲೆಯೇ ಕೆಲಸ ಶುರು. ಒಪ್ಪಿಗೆಯಾಗದಿದ್ದರೆ ಕಾಗದ ಹಿಂದಿರುಗಿಸುತ್ತೇವೆ, ಅದಕ್ಕೆ ಶುಲ್ಕವಿಲ್ಲ. ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ತೆರಿಗೆ, ಬಡ್ಡಿ ಮತ್ತು ಸರ್ಕಾರದ ವಿಳಂಬ ಶುಲ್ಕ ಇದರಲ್ಲಿ ಸೇರಿಲ್ಲ. ಅವನ್ನು ನಿಮ್ಮ ಖಾತೆಯಿಂದ ನೇರ ಸರ್ಕಾರಕ್ಕೆ ಕಟ್ಟುತ್ತೀರಿ. ರಿಫಂಡಿನಲ್ಲಿ ಪಾಲು ಪಡೆಯುವ ಪದ್ಧತಿ ನಮ್ಮಲ್ಲಿಲ್ಲ, ವೃತ್ತಿಯ ನಿಯಮವೂ ಒಪ್ಪುವುದಿಲ್ಲ.
>
> ಇದರಲ್ಲಿ ಸೇರದ ಕೆಲಸ. ನೋಟಿಸಿಗೆ ಉತ್ತರ, ಪೌತಿ ಖಾತೆ ಮಾಡಿಸುವುದು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್.

"ಒಪ್ಪಿಗೆಯಾಗದಿದ್ದರೆ ಕಾಗದ ಹಿಂದಿರುಗಿಸುತ್ತೇವೆ" ಎಂಬ ಸಾಲನ್ನು ಗಮನಿಸಿ. ಮೊತ್ತ ಕಾಣದ ಪುಟವನ್ನು ಓದಿದವರಿಗೆ ಒಳಗೆ ಹೋದರೆ ಸಿಕ್ಕಿಬೀಳುತ್ತೇನೆ ಎಂಬ ಅಂಜಿಕೆ ಇರುತ್ತದೆ. ವಾಪಸ್ ಬರುವ ಬಾಗಿಲು ತೆರೆದಿದೆ ಎಂದು ತೋರಿಸಿದರೆ ಅದು ಹೋಗುತ್ತದೆ. ಕಾಗದ ನೋಡುವುದಕ್ಕೂ ಶುಲ್ಕ ಪಡೆಯುವ ಕಚೇರಿಯಾದರೆ ಅದನ್ನು ಮುಚ್ಚಿಡದೆ ಇಲ್ಲೇ ಹೇಳಬೇಕು.

"ನಿಮಗೆ ಇದು ಬೇಕೇ?" ಎಂಬ ಭಾಗದಲ್ಲಿ "ಕಡ್ಡಾಯವಾಗದಿರಬಹುದು" ಎಂದಿದೆ, "ಬೇಡ" ಎಂದಿಲ್ಲ. ರಿಟರ್ನ್ ಕಡ್ಡಾಯವಾಗಿಸುವ ಸಂದರ್ಭಗಳು ಇನ್ನೂ ಇವೆ, ಎಲ್ಲವನ್ನೂ ತುಂಬಿದರೆ ಪುಟ ಕಾಯಿದೆಯಾಗುತ್ತದೆ. ಸರಳ ಭಾಷೆ ಎಂದರೆ ಖಚಿತವಲ್ಲದ್ದನ್ನು ಖಚಿತವೆಂಬಂತೆ ಬರೆಯುವುದಲ್ಲ.

ಸೆಕ್ಷನ್ ಸಂಖ್ಯೆ ಒಂದೂ ಇಲ್ಲ ಎಂಬುದನ್ನೂ ನೋಡಿ. 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ 1961ರದರ ಜಾಗಕ್ಕೆ ಬಂದು, ಬಾಯಿಪಾಠವಾಗಿದ್ದ ಸಂಖ್ಯೆಗಳೆಲ್ಲ ಬದಲಾದವು. ಸಂಖ್ಯೆ ತುರುಕಿದ ಪುಟಗಳನ್ನು ಮತ್ತೆ ಬರೆಯಬೇಕಾಯಿತು. ಗ್ರಾಹಕರಿಗಂತೂ ಅವು ಹಿಂದೆಯೂ ಬೇಕಿರಲಿಲ್ಲ.

ಹಂತ 7: ರೈಟರ್ ಕೈಯಲ್ಲಿ ಓದಿಸಿ

ಕಚೇರಿಯವರೇ ಓದಿ "ಚೆನ್ನಾಗಿದೆ" ಎಂದರೆ ಅದು ಪರೀಕ್ಷೆಯಲ್ಲ, ಅವರಿಗೆ ಮೊದಲೇ ಎಲ್ಲ ಗೊತ್ತು. ಪರಿಚಯದ ತೋಟದ ರೈಟರ್ ಒಬ್ಬರಿಗೆ ಮೊಬೈಲಿನಲ್ಲಿ ಪುಟ ತೆರೆದು ಕೊಡಿ. ಓದಿದ ಮೇಲೆ ಫೋನ್ ವಾಪಸ್ ತೆಗೆದುಕೊಂಡು ಮೂರು ಪ್ರಶ್ನೆ ಕೇಳಿ: ನಾಳೆ ಬರುವಾಗ ಏನೇನು ತರುತ್ತೀರಿ? ನಿಮ್ಮ ಸಾಹುಕಾರರಿಗೆ ಶುಲ್ಕ ಹೆಚ್ಚಾಗುತ್ತದೋ ಕಡಿಮೆಯೋ, ಯಾಕೆ? ರಿಟರ್ನ್ ಹಾಕಿದ ಮೇಲೆ ನಿಮ್ಮ ಕಡೆಯಿಂದ ಬಾಕಿ ಇರುವ ಕೆಲಸ ಯಾವುದು? ಎರಡನೆಯದಕ್ಕೆ ಉತ್ತರ ಬಾರದಿದ್ದರೆ ಶುಲ್ಕದ ಭಾಗ ಸೋತಿದೆ. ಮೂರನೆಯದಕ್ಕೆ ಬಾರದಿದ್ದರೆ ದೃಢೀಕರಣದ ಸಾಲು ಎಲ್ಲೋ ಹೂತುಹೋಗಿದೆ, ಅದನ್ನು ಪ್ರತ್ಯೇಕ ಸಾಲಾಗಿ ಮೇಲೆತ್ತಿ.

ಪ್ರಕಟಿಸಿದ ಮೇಲೆ ಫೋನಿನ ನೋಟ್‌ಬುಕ್ ಮುಂದುವರಿಯಲಿ. "ಎಷ್ಟಾಗುತ್ತದೆ?" ಎಂಬ ಕರೆ ಪೂರ್ತಿ ನಿಲ್ಲುವುದಿಲ್ಲ, ಆದರೆ ಅದರ ರೂಪ ಬದಲಾಗಬೇಕು. "ನಮ್ಮದು ಚೆರಿ ಮಾತ್ರ, ಎರಡು ಖಾತೆ, ಪುಸ್ತಕ ಇದೆ, ಎಷ್ಟಾಗುತ್ತದೆ?" ಎಂದು ಕೇಳತೊಡಗಿದರೆ ಪುಟ ಕೆಲಸ ಮಾಡುತ್ತಿದೆ.

ಹಂತ 8: ಉಳಿದ ಸೇವೆಗಳಿಗೆ ಇದೇ ಅಚ್ಚು

ಜಿಎಸ್‌ಟಿ ಪುಟದಲ್ಲಿ ಶುಲ್ಕದ ಪ್ರಶ್ನೆ ತಿಂಗಳ ಬಿಲ್ಲುಗಳ ಎಣಿಕೆ. ಮಾರಾಟವೇ ಇಲ್ಲದ ತಿಂಗಳಲ್ಲೂ ರಿಟರ್ನ್ ಹಾಕಬೇಕು ಎಂಬುದನ್ನು ಮೇಲೆಯೇ ಹೇಳಿ. ಕಂಪನಿಯ ವಾರ್ಷಿಕ ಸಲ್ಲಿಕೆಯ ಪುಟದಲ್ಲಿ, ತಡವಾದರೆ ಸರ್ಕಾರಕ್ಕೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ ಎಂಬ ಒಂದು ವಾಕ್ಯ ಇಡೀ ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪ್ರಮಾಣಪತ್ರಗಳ ಪುಟ ಬೇರೆ ರೀತಿಯದು. ವೀಸಾಗೋ ಸಾಲಕ್ಕೋ ಆಸ್ತಿ ಮೌಲ್ಯದ ಪ್ರಮಾಣಪತ್ರ ಕೇಳಿ ಬರುವವರು "ಒಂದು ಸೀಲ್ ತಾನೇ" ಎಂದುಕೊಂಡಿರುತ್ತಾರೆ. ಅಲ್ಲಿ ಯುಡಿಐಎನ್ ವಿವರಿಸಿ: ಪ್ರತಿ ಪ್ರಮಾಣಪತ್ರಕ್ಕೂ ಒಂದು ವಿಶಿಷ್ಟ ಸಂಖ್ಯೆ ಪಡೆಯಬೇಕು, ಬ್ಯಾಂಕಿನವರು ಅದನ್ನು ಐಸಿಎಐ ಜಾಲತಾಣದಲ್ಲಿ ಪರಿಶೀಲಿಸಬಹುದು, ಆದ್ದರಿಂದ ಮೂಲ ದಾಖಲೆ ನೋಡದೆ ಸಹಿ ಹಾಕುವುದಿಲ್ಲ. ಹಾಸನ ಕಡೆಯ ಕಚೇರಿಯಾದರೆ ಆಲೂಗಡ್ಡೆ, ಶುಂಠಿ ವ್ಯಾಪಾರಿಗಳಿಗೆ ಒಂದು ಪುಟ ಮಾಡಬಹುದು. ಬೆಳೆದವರ ಲೆಕ್ಕ ಬೇರೆ, ಕೊಂಡು ಮಾರುವವರ ಲೆಕ್ಕ ಬೇರೆ ಎಂಬಲ್ಲಿಂದ ಅದು ಆರಂಭವಾಗುತ್ತದೆ.

ಹಂತ 9: ದಿನಾಂಕ

ಪುಟದ ಕೆಳಗೆ "ಕೊನೆಯದಾಗಿ ಪರಿಷ್ಕರಿಸಿದ್ದು" ಎಂದು ದಿನಾಂಕ ಹಾಕಿ. ಜಾಲತಾಣ ಯಾವ ದಿನದವರೆಗೆ ಪರಿಷ್ಕೃತ ಎಂದು ತೋರಿಸುವುದನ್ನು ಐಸಿಎಐ ಮಾರ್ಗಸೂಚಿಯೂ ಕೇಳುತ್ತದೆ. ಗಡುವಿನ ದಿನಾಂಕಗಳನ್ನು ಮಾತ್ರ ಪ್ರತಿ ಸೇವಾ ಪುಟದಲ್ಲಿ ಚೆಲ್ಲಬೇಡಿ. ಒಂದೇ ಪುಟದಲ್ಲಿ ಇಟ್ಟು ಉಳಿದೆಡೆಯಿಂದ ಅಲ್ಲಿಗೆ ಕೊಂಡಿ ಕೊಡಿ. 2025ರಲ್ಲಿ ಆಡಿಟ್ ಇಲ್ಲದವರ ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಹೋಯಿತು, ಆಮೇಲೆ ಇನ್ನೊಂದು ದಿನ ಮುಂದೆ ಹೋಯಿತು. ದಿನಾಂಕ ಹತ್ತು ಕಡೆ ಇದ್ದರೆ ಒಂಬತ್ತನ್ನು ತಿದ್ದಿ ಒಂದನ್ನು ಮರೆಯುತ್ತೀರಿ, ಬೆಳೆಗಾರರು ಓದುವುದು ಆ ಒಂದನ್ನೇ. ಕೇಂದ್ರ ಬಜೆಟ್ ಆದ ವಾರ ಒಮ್ಮೆ, ಗಡುವು ವಿಸ್ತರಣೆಯ ಆದೇಶ ಬಂದ ದಿನ ಒಮ್ಮೆ ಪುಟ ತೆರೆದು ನೋಡುವುದನ್ನು ಕಚೇರಿಯಲ್ಲಿ ಒಬ್ಬರ ಹೆಸರಿಗೆ ಬರೆದಿಡಿ.